ಹಳದಿ ಏರಿಸಿದರೆ ಮದುವೆ ಕಳೆ ಬರುತ್ತದೆಯೇ?

ಬನಶಂಕರಿ ಎರಡನೇ ಹಂತದ ಒಂದು ಕಲ್ಯಾಣ ಮಂಟಪದಲ್ಲಿ ನಡೆದ ಮದುವೆಯ ಆಲ್ಬಮ್ ತೆಗೆದುಕೊಂಡು ಹೋಗಿ ಕೊಟ್ಟಿದ್ದೆ. ಮದುಮಗಳ ತಾಯಿ ಧಾರೆಯ ಪುಟದಲ್ಲಿ ನಿಂತರು. "ನಮ್ಮ ಯಜಮಾನ್ರು ಉಟ್ಟಿದ್ದು ಬಿಳಿ ಪಂಚೆ ಅಲ್ವೇನಪ್ಪಾ? ಇಲ್ಲಿ ನೋಡಿದ್ರೆ ಅರಿಶಿನದ ನೀರಲ್ಲಿ ಅದ್ದಿದ ಹಾಗಿದೆಯಲ್ಲ" ಅಂದರು. ಅವರು ಹೇಳಿದ್ದು ಸರಿ. ಮದುವೆ ಎಂದರೆ ಸಂಭ್ರಮ, ಸಂಭ್ರಮಕ್ಕೆ ವಾರ್ಮ್ ಟೋನ್ ಎಂದು ನಾನು ಇಡೀ ಆಲ್ಬಮ್ಮಿಗೆ ಹಳದಿ ಎಳೆದಿದ್ದೆ. ಜಯನಗರ, ಜೆ.ಪಿ. ನಗರದ ಸುತ್ತಮುತ್ತ ಫೋಟೋ ಎಡಿಟಿಂಗ್ ಮಾಡುವ ನಮ್ಮಲ್ಲಿ ಬಹಳ ಮಂದಿ ಇದನ್ನು ಯೋಚಿಸದೆ ಮಾಡುತ್ತೇವೆ. ಇದರ ಹಿಂದೆ ಇರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕಿದೆ.

ನಂಬಿಕೆ: ಶುಭಕಾರ್ಯದ ಫೋಟೋ ಎಂದರೆ ಹಳದಿ ಏರಿಸಬೇಕು

ನಮ್ಮ ಮದುವೆಯ ಚೌಕಟ್ಟಿನೊಳಗೆ ಬೆಚ್ಚನೆಯ ಬಣ್ಣ ಮೊದಲೇ ತುಂಬಿರುತ್ತದೆ. ಅರಿಶಿನದ ಕೊಂಬು, ಕುಂಕುಮ, ಕೆಂಪು ರೇಷ್ಮೆ, ಜರಿ ಅಂಚು, ಚೆಂಡು ಹೂವಿನ ತೋರಣ, ಹೋಮದ ಬೆಂಕಿ. ಇವೆಲ್ಲ ಬೆಚ್ಚಗೆ ಕಾಣುವುದು ಪಕ್ಕದಲ್ಲಿ ಬೆಚ್ಚಗಿಲ್ಲದ್ದು ಏನಾದರೂ ಇದ್ದಾಗ ಮಾತ್ರ. ಜಡೆಯ ಮಲ್ಲಿಗೆ, ವರನ ಪಂಚೆ, ಅಂತರಪಟದ ಬಟ್ಟೆ, ಬಾಳೆಕಂದಿನ ಹಸಿರು, ಇವು ಆ ಕೆಲಸ ಮಾಡುತ್ತವೆ. ಹಳದಿ ಏರಿಸಿದರೆ ಮೊದಲು ಹಾಳಾಗುವುದು ಇವೇ. ಮಲ್ಲಿಗೆ ಹಳದಿಯಾದ ಮೇಲೆ ಅರಿಶಿನ ಎದ್ದು ಕಾಣುವುದಕ್ಕೆ ಜಾಗವೇ ಇರುವುದಿಲ್ಲ.

ಇನ್ನೊಂದು ನಷ್ಟ ಸೀರೆಗೆ. ಚಿತ್ರವನ್ನು ಬೆಚ್ಚಗೆ ಮಾಡುವುದೆಂದರೆ ಕೆಂಪು ಪಾಲನ್ನು ಹೆಚ್ಚಿಸಿ ನೀಲಿ ಪಾಲನ್ನು ಇಳಿಸುವುದು. ಧಾರೆಯ ಕೆಂಪು ಸೀರೆಯಲ್ಲಿ ಕೆಂಪು ಪಾಲು ಮೊದಲೇ ಅಂಚಿಗೆ ಬಂದಿರುತ್ತದೆ. ಇನ್ನಷ್ಟು ಏರಿಸಿದರೆ ಗರಿಷ್ಠ ಮಿತಿಗೆ ಹೋಗಿ ಬಡಿದು ನಿಲ್ಲುತ್ತದೆ, ನೆರಿಗೆ ನೆರಿಗೆಯ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ, ರೇಷ್ಮೆ ಹೋಗಿ ಪ್ಲಾಸ್ಟಿಕ್ ಹಾಳೆಯಂತಾಗುತ್ತದೆ. ಚೆಂಡು ಹೂವಿನಲ್ಲಿ ನೀಲಿ ಪಾಲು ಸೊನ್ನೆಗೆ ಇಳಿದು ಎಸಳುಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಹಿಸ್ಟೋಗ್ರಾಮ್‌ನಲ್ಲಿ ಕೆಂಪು ಗೆರೆ ಬಲಗಡೆಯ ಗೋಡೆಗೆ ಒತ್ತಿಕೊಂಡಿದ್ದರೆ ಇದೇ ಆಗಿದೆ ಎಂದು ತಿಳಿಯಬಹುದು.

ಆ ಧಾರೆಯ ಫೋಟೋವನ್ನು ನಾನು ಮತ್ತೆ ಮೊದಲಿಂದ ಮಾಡಿದೆ. ಮುಂದಿನಿಂದ ವಿಡಿಯೋದವರ ಎಲ್‌ಇಡಿ ಲೈಟು, ಅದು ಹೆಚ್ಚುಕಡಿಮೆ ಹಗಲು ಬೆಳಕಿನ ಬಣ್ಣದ್ದು. ಹಿಂದೆ ಮಂಟಪದ ಹಳದಿ ಬಲ್ಬುಗಳು. ಲೈಟ್‌ರೂಮ್‌ನಲ್ಲಿ ವೈಟ್ ಬ್ಯಾಲೆನ್ಸ್ ಡ್ರಾಪರ್ ತೆಗೆದುಕೊಂಡು ಪಂಚೆಯ ಮೇಲೆ, ಮುಂದಿನ ಲೈಟು ಬಿದ್ದ ಕಡೆ ಒತ್ತಿದೆ. ತೀರಾ ಬೆಳ್ಳಗೆ ಬಿಳುಚಿಕೊಂಡ ಜಾಗ ಬೇಡ, ಅಲ್ಲಿ ಬಣ್ಣದ ಲೆಕ್ಕವೇ ಸುಟ್ಟುಹೋಗಿರುತ್ತದೆ. ಸ್ವಲ್ಪ ಮಬ್ಬಾದ ನೆರಿಗೆ ಒಳ್ಳೆಯದು. Temp 5300ಕ್ಕೆ ಬಂದು ನಿಂತಿತು. ಅಲ್ಲಿಂದ ಕೈಯಾರೆ 5600ಕ್ಕೆ ಏರಿಸಿದೆ, ಅಷ್ಟೇ. ಪಂಚೆಯ ಮೇಲೆ ಕರ್ಸರ್ ಇಟ್ಟರೆ ಕೆಂಪು 88, ಹಸಿರು 86, ನೀಲಿ 82 ಎಂದು ತೋರಿಸುತ್ತಿತ್ತು. ಕೆಂಪಿಗೂ ನೀಲಿಗೂ ಐದಾರರ ಅಂತರ ಇರುವವರೆಗೆ ಕಣ್ಣು ಅದನ್ನು ಬಿಳಿ ಎಂದೇ ಒಪ್ಪುತ್ತದೆ, ಹತ್ತು ದಾಟಿದರೆ ಅರಿಶಿನದ ನೀರು ಶುರುವಾಗುತ್ತದೆ. ಇದು ನನ್ನ ಅನುಭವದ ಅಳತೆ. ಮುಖಗಳು ತಮ್ಮ ಬಣ್ಣಕ್ಕೆ ಬಂದವು, ಹಿಂದಿನ ಬಲ್ಬುಗಳು ಇದ್ದ ಹಾಗೆಯೇ ಹಳದಿಯಾಗಿ ಉಳಿದವು. ನಾನು ಸುರಿಯಬೇಕೆಂದಿದ್ದ ಬೆಚ್ಚನೆ ಆ ಬಲ್ಬುಗಳಲ್ಲೇ ಇತ್ತು.

ನಂಬಿಕೆ: ಹಾಗಾದರೆ ಆಟೋ ಒತ್ತಿದರೆ ಸಾಕು

ಸಾಲದು. ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲದ ಹೊತ್ತು ಹೆಣ್ಣುಮಕ್ಕಳು ನಿಂಬೆಹಣ್ಣಿನ ಹೋಳಿನಲ್ಲಿ ಹಚ್ಚುವ ದೀಪಗಳನ್ನು ನೋಡಿದವರಿಗೆ ಆ ಬೆಳಕು ಮುಖದ ಮೇಲೆ ಹೇಗೆ ಬೀಳುತ್ತದೆ ಎಂದು ಗೊತ್ತು. ಎಣ್ಣೆ ದೀಪದ ಬೆಳಕು ಸುಮಾರು 1900 ಕೆಲ್ವಿನ್. ಅಂಥ ದೀಪ ಹಚ್ಚುವ ಚಿತ್ರಕ್ಕೆ ಆಟೋ ಕೊಟ್ಟರೆ ತಂತ್ರಾಂಶ ಅದನ್ನು ತಪ್ಪು ಎಂದು ತಿಳಿದು ತಿದ್ದಲು ಹೊರಡುತ್ತದೆ, ದೀಪದ ಮುಂದೆ ನಿಂತವರು ಟ್ಯೂಬ್‌ಲೈಟಿನ ಕೆಳಗೆ ನಿಂತಂತೆ ಆಗುತ್ತಾರೆ. ದೀಪವೇ ವಿಷಯವಾಗಿರುವಾಗ ಬಿಳಿಯನ್ನು ಹುಡುಕಬಾರದು. ಅಲ್ಲಿ 2800 ರಿಂದ 3200ರ ನಡುವೆ ಇಟ್ಟರೆ ದೀಪ ದೀಪವಾಗಿಯೇ ಉಳಿಯುತ್ತದೆ.

ನಂಬಿಕೆ: ಸಂಖ್ಯೆ ಹೆಚ್ಚಿದ್ದರೆ ಬೆಳಕು ಬೆಚ್ಚಗೆ, ಎಲ್ಲ ಫೋಟೋಗೂ 500 ಸೇರಿಸಿದರೆ ಆಯಿತು

ಇದರಲ್ಲಿ ಎರಡು ತಪ್ಪು ಹೆಣೆದುಕೊಂಡಿವೆ. ನಿಜವಾದ ಬೆಳಕಿನಲ್ಲಿ ಕೆಲ್ವಿನ್ ಹೆಚ್ಚಾದಷ್ಟೂ ಬಣ್ಣ ನೀಲಿಯ ಕಡೆ ಹೋಗುತ್ತದೆ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಗಾಗಿ, ಇನ್ನೂ ಕಾದರೆ ಹಳದಿಯಾಗಿ, ಆಮೇಲೆ ಬೆಳ್ಳಗಾಗುವುದು ಇದೇ ಲೆಕ್ಕ. ಹಳದಿ ಬಲ್ಬು 2700 ರಿಂದ 3000, ಮಧ್ಯಾಹ್ನದ ಬಿಸಿಲು 5500ರ ಆಸುಪಾಸು, ನೆರಳು 7000ಕ್ಕೂ ಮೇಲೆ. ಆದರೆ ತಂತ್ರಾಂಶದಲ್ಲಿ Temp ಏರಿಸಿದರೆ ಚಿತ್ರ ಹಳದಿಯಾಗುತ್ತದೆ. ಏಕೆಂದರೆ ಆ ಸಂಖ್ಯೆಯಿಂದ ನೀವು "ಅಲ್ಲಿದ್ದ ಬೆಳಕು ಇಷ್ಟು ನೀಲಿಯಾಗಿತ್ತು" ಎಂದು ಹೇಳುತ್ತೀರಿ, ಅದು ಆ ನೀಲಿಯನ್ನು ಕಳೆಯಲು ಹಳದಿ ಸೇರಿಸುತ್ತದೆ.

ಎರಡನೆಯದು, ಕೆಲ್ವಿನ್ ಹೆಜ್ಜೆಗಳು ಸಮನಾಗಿಲ್ಲ. 3000 ದಿಂದ 3500ಕ್ಕೆ ಹೋದರೆ ಬಣ್ಣ ಎಷ್ಟು ಬದಲಾಗುತ್ತದೋ, 7000 ದಿಂದ 7500ಕ್ಕೆ ಹೋದಾಗ ಆಗುವುದು ಅದರ ಐದನೇ ಒಂದು ಪಾಲು ಮಾತ್ರ. ಹತ್ತು ಲಕ್ಷವನ್ನು ಕೆಲ್ವಿನ್‌ನಿಂದ ಭಾಗಿಸಿ ನೋಡಿ: 333 ರಿಂದ 286ಕ್ಕೆ ಇಳಿಯುವುದು ಒಂದು ಕಡೆ, 143 ರಿಂದ 133ಕ್ಕೆ ಇಳಿಯುವುದು ಇನ್ನೊಂದು ಕಡೆ. ಬಣ್ಣದ ನಿಜವಾದ ಹೆಜ್ಜೆ ಈ ಭಾಗಲಬ್ಧದಲ್ಲಿದೆ. ಹಾಗಾಗಿ ಮಂಟಪದ ಹೊರಗೆ ನೆರಳಿನಲ್ಲಿ ತೆಗೆದ ವರಪೂಜೆಗೂ ಒಳಗೆ ಬಲ್ಬಿನ ಬೆಳಕಿನಲ್ಲಿ ತೆಗೆದ ಊಟದ ಪಂಕ್ತಿಗೂ ಒಂದೇ 500 ಸೇರಿಸಿದರೆ, ವರಪೂಜೆಯಲ್ಲಿ ಏನೂ ಆದಂತೆ ಕಾಣುವುದಿಲ್ಲ, ಪಂಕ್ತಿಯಲ್ಲಿ ಎಲೆಯ ಮೇಲಿನ ಅನ್ನ ಪುಳಿಯೋಗರೆಯ ಬಣ್ಣಕ್ಕೆ ತಿರುಗುತ್ತದೆ.

ನಂಬಿಕೆ: ಮುಖ ಸರಿಯಿಲ್ಲದಿದ್ದರೆ ಇನ್ನಷ್ಟು ವಾರ್ಮ್ ಮಾಡಿದರೆ ಸರಿಹೋಗುತ್ತದೆ

ಜಯನಗರದ ಮರಗಳಿರುವ ರಸ್ತೆಗಳಲ್ಲಿ ಪ್ರೀ ವೆಡ್ಡಿಂಗ್ ಫೋಟೋ ತೆಗೆಯುವವರಿಗೆ ಈ ತೊಂದರೆ ದಿನವೂ ಎದುರಾಗುತ್ತದೆ. ಎಲೆಗಳನ್ನು ತೂರಿ ಬರುವ ಬೆಳಕು ಹಸಿರನ್ನು ಹೊತ್ತು ತರುತ್ತದೆ. Temp ಎಂಬುದು ನೀಲಿಗೂ ಹಳದಿಗೂ ನಡುವಿನ ದಾರಿ, ಹಸಿರು ಆ ದಾರಿಯಲ್ಲೇ ಇಲ್ಲ. ಹಸಿರು ಬಿದ್ದ ಮುಖಕ್ಕೆ ಹಳದಿ ಸೇರಿಸಿದರೆ ಕಾಮಾಲೆ ಬಂದವರ ಮುಖವಾಗುತ್ತದೆ. ಬೇಕಾಗಿರುವುದು Tint, ಅದನ್ನು ಮಜೆಂಟಾ ಕಡೆಗೆ ಹತ್ತು ಹದಿನೈದು ಸರಿಸಿದರೆ ಎಷ್ಟೋ ಸಲ Temp ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಗದ್ದದ ಕೆಳಗಿನ ನೆರಳು ಮತ್ತು ಕಣ್ಣಿನ ಬಿಳಿ ನೋಡಿ, ಹಸಿರು ಅಲ್ಲಿ ಅಡಗಿರುತ್ತದೆ. ವರ್ಷದ ಮೊದಲ ತಿಂಗಳುಗಳಲ್ಲಿ ಗುಲಾಬಿ ಬಣ್ಣದ ಟಬೆಬುಯಾ ಅರಳಿರುವಾಗ ಇಡೀ ಚಿತ್ರಕ್ಕೆ ಮಜೆಂಟಾ ಕೊಟ್ಟರೆ ಹೂವು ಬಣ್ಣ ಬಳಿದಂತಾಗುತ್ತದೆ. ಆಗ ಮಾಸ್ಕ್ ಹಾಕಿ ಜೋಡಿಯನ್ನು ಮಾತ್ರ ತಿದ್ದಬೇಕು.

ನಂಬಿಕೆ: ದುಃಖಕ್ಕೆ ನೀಲಿ

ಇದರ ಬಗ್ಗೆ ನನಗೆ ಹೇಳಲೇಬೇಕಾದ ಮಾತಿದೆ. ಬೆಚ್ಚನೆ ಎಂದರೆ ಪ್ರೀತಿ, ತಂಪು ಎಂದರೆ ದೂರ, ದುಃಖ ಎಂಬ ಸಮೀಕರಣ ನಮ್ಮ ಮಾತಿನದಲ್ಲ. ಅಜ್ಜಿ ಹರಸುವುದು "ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು. ಸಂಕಟವಾದರೆ ಹೊಟ್ಟೆ ಉರಿಯುತ್ತದೆ, ಸಮಾಧಾನವಾದರೆ ಮನಸ್ಸು ತಂಪಾಗುತ್ತದೆ. ಬೆಳದಿಂಗಳ ಊಟದ ನೆನಪಿನಲ್ಲಿ ಯಾರಿಗೂ ದುಃಖ ಕಾಣುವುದಿಲ್ಲ. ಮಳೆಗಾಲದ ಕಂಬಳಿಯ ಬೆಚ್ಚನೆಯೂ ನಮ್ಮದೇ, ಒಪ್ಪುತ್ತೇನೆ. ಆದರೆ ಬಣ್ಣಕ್ಕೆ ಒಂದೇ ಅರ್ಥ ಅಂಟಿಸಲು ನಮ್ಮ ನೋಡುಗರು ಒಪ್ಪುವುದಿಲ್ಲ.

ಹೆಣ್ಣೊಪ್ಪಿಸುವ ದೃಶ್ಯ ತೆಗೆದುಕೊಳ್ಳಿ. ಜೆ.ಪಿ. ನಗರದ ಒಂದು ಮದುವೆಯ ವಿಡಿಯೋದಲ್ಲಿ ಎಡಿಟ್ ಮಾಡಿದವರು ಆ ಭಾಗಕ್ಕೆ ಪೂರ್ತಿ ನೀಲಿ ಕೊಟ್ಟಿದ್ದರು. ನಮ್ಮ ಕಂದು ಮೈಬಣ್ಣದ ಜೀವ ಇರುವುದು ಕೆಂಪು ಮತ್ತು ಹಳದಿಯಲ್ಲಿ. ಅದನ್ನು ಕಿತ್ತರೆ ಉಳಿಯುವುದು ಬೂದಿ. ಅತ್ತು ಕೆಂಪಾದ ಕಣ್ಣು ನೇರಳೆಯಾಗಿತ್ತು, ತುಟಿಯೂ ಹಾಗೆಯೇ. ನೋಡಿದ ಸೋದರತ್ತೆ "ಹುಡುಗಿಗೆ ಆವತ್ತು ಹುಷಾರಿರಲಿಲ್ವಾ?" ಎಂದು ಕೇಳಿದರಂತೆ. ಅಳು ಕಾಣಬೇಕಾದ ಕಡೆ ಕಾಯಿಲೆ ಕಂಡಿತ್ತು.

ಅದನ್ನು ಮತ್ತೆ ಮಾಡುವಾಗ ದೃಶ್ಯದ ಬಣ್ಣಕ್ಕಿಂತ ಅದರ ಹಿಂದಿನ ದೃಶ್ಯದ ಬಣ್ಣ ಮುಖ್ಯವಾಯಿತು. ಒಂದು ಬಣ್ಣ ಹೇಗೆ ಕಾಣುತ್ತದೆ ಎನ್ನುವುದನ್ನು ಪಕ್ಕದ ಬಣ್ಣ ನಿರ್ಧರಿಸುತ್ತದೆ ಎಂದು ಜೋಸೆಫ್ ಆಲ್ಬರ್ಸ್ 1963ರಲ್ಲಿ ಒಂದು ಪುಸ್ತಕವನ್ನೇ ಬರೆದ. ವಿಡಿಯೋದಲ್ಲಿ ಹಿಂದಿನ ಶಾಟ್ ಕೂಡ ಪಕ್ಕದ ಬಣ್ಣವೇ. ಉರುಟಣೆ, ಓಕುಳಿಯ ನಗುವನ್ನು ಒಂದಿಷ್ಟು ಬೆಚ್ಚಗೆ ಇಟ್ಟು, ಹೆಣ್ಣೊಪ್ಪಿಸುವುದನ್ನು ತಿದ್ದಿದ ಬಿಳಿಯಲ್ಲೇ ಬಿಟ್ಟರೆ ಸಾಕು, ಕಣ್ಣು ಅದನ್ನು ತಾನಾಗಿಯೇ ತಣ್ಣಗೆ ಕಾಣುತ್ತದೆ. ಮುಖ ಬಿಟ್ಟು ಹಿನ್ನೆಲೆಯ ಬಣ್ಣವನ್ನು ಮಾತ್ರ ಸ್ವಲ್ಪ ಮಂಕು ಮಾಡಿದ್ದಾಯಿತು. ಒಂದು ಚಮಚ ನೀಲಿಯೂ ಬೇಕಾಗಲಿಲ್ಲ.

ನಂಬಿಕೆ: ನನ್ನ ಕಣ್ಣಿಗೆ ಸರಿಯಾಗಿ ಕಂಡರೆ ಸರಿಯೇ

ಹಳದಿ ಚಿತ್ರವನ್ನು ಹತ್ತು ನಿಮಿಷ ನೋಡುತ್ತಾ ಕೂತರೆ ಕಣ್ಣು ಅದಕ್ಕೆ ಹೊಂದಿಕೊಂಡು ಅದನ್ನೇ ಬಿಳಿ ಎಂದು ಲೆಕ್ಕ ಹಾಕುತ್ತದೆ. ಮುಂದಿನ ಫೋಟೋಗೆ ಇನ್ನೊಂದಿಷ್ಟು ಹಳದಿ ಬೇಕೆನಿಸುತ್ತದೆ. ಆಲ್ಬಮ್ಮಿನ ಕೊನೆಯ ಪುಟ ಮೊದಲ ಪುಟಕ್ಕಿಂತ ಹಳದಿಯಾಗಿರುವುದು ಇದರಿಂದ. ಎದ್ದು ಹೋಗಿ ಕಾಫಿ ಕುಡಿದು ಬಂದು, ಮೊದಲ ನೋಟಕ್ಕೆ ಏನನ್ನಿಸುತ್ತದೋ ಅದನ್ನು ನಂಬಬೇಕು. ಐದನೇ ನಿಮಿಷದ ತೀರ್ಮಾನವನ್ನು ನಂಬಬಾರದು.

ಪರದೆಯೂ ಮೋಸ ಮಾಡುತ್ತದೆ. ರಾತ್ರಿ ಹೊತ್ತು ಕಂಪ್ಯೂಟರಿನ Night Light ಹಚ್ಚಿಕೊಂಡು ಕೆಲಸ ಮಾಡಿದರೆ ಪರದೆಯೇ ಹಳದಿ ಸೇರಿಸಿರುತ್ತದೆ, ನೀವು ಅದನ್ನು ಸರಿದೂಗಿಸಲು ಚಿತ್ರವನ್ನು ತಂಪು ಮಾಡುತ್ತೀರಿ, ಬೆಳಿಗ್ಗೆ ನೋಡಿದರೆ ಮದುಮಗಳು ನೀಲಿ. ನೋಡುವವರ ಫೋನಿನಲ್ಲೂ ಇದೇ ಕತೆ. ಬಿ.ಟಿ.ಎಂ. ಲೇಔಟಿನ ಒಂದು ಮನೆಯವರಿಗೆ ರಾತ್ರಿ ಹತ್ತೂವರೆಗೆ ವಾಟ್ಸಾಪ್‌ನಲ್ಲಿ ಮಾದರಿ ಚಿತ್ರ ಕಳಿಸಿದ್ದೆ. "ತುಂಬಾ ಹಳದಿ ಆಯ್ತು" ಎಂದು ಉತ್ತರ ಬಂತು. ನಾನು ಏನೂ ಬದಲಿಸಿರಲಿಲ್ಲ. ಬೆಳಿಗ್ಗೆ ಅದೇ ಚಿತ್ರವನ್ನು ಅವರೇ ಮತ್ತೆ ನೋಡಿ "ಈಗ ಚೆನ್ನಾಗಿದೆ, ಸರಿ ಮಾಡಿದ್ರಾ?" ಎಂದು ಕೇಳಿದರು. ಅವರ ಫೋನಿನ ರಾತ್ರಿ ಬಣ್ಣ ಬೆಳಿಗ್ಗೆ ತಾನೇ ಆರಿಹೋಗಿತ್ತು. ಅಂದಿನಿಂದ ಒಪ್ಪಿಗೆಗೆ ಕಳಿಸುವ ಚಿತ್ರಗಳನ್ನು ನಾನು ಬೆಳಿಗ್ಗೆ ಹತ್ತರ ಮೇಲೆಯೇ ಕಳಿಸುತ್ತೇನೆ.