ನೋಟಿಸ್ ಕಳಿಸಿದ ದಿನವಲ್ಲ, ತಲುಪಿದ ದಿನ

ಅಪಾರ್ಟ್‌ಮೆಂಟ್ ಸಂಘಗಳು ಹೌಸ್‌ಕೀಪಿಂಗ್ ಏಜೆನ್ಸಿಯನ್ನು ಬಿಡಿಸುವ ತೀರ್ಮಾನ ಮಾಡುವುದು ಹೆಚ್ಚಾಗಿ ಸಿಟ್ಟಿನಲ್ಲಿ. ಹತ್ತು ಜನ ಬರಬೇಕಾದ ಕಡೆ ಆರು ಜನ ಬರುತ್ತಾರೆ, ಬಿಲ್ಲು ಮಾತ್ರ ಹತ್ತು ಜನರದ್ದು. ‘ಮುಂದಿನ ತಿಂಗಳಿಂದ ಇವರು ಬೇಡ’ ಎಂದು ಸಭೆಯಲ್ಲಿ ಠರಾವಾಗುತ್ತದೆ. ಕಾರ್ಯದರ್ಶಿ ಏಜೆನ್ಸಿಯ ಸೂಪರ್‌ವೈಸರಿಗೆ ಒಂದು ವಾಟ್ಸಾಪ್ ಸಂದೇಶ ಹಾಕುತ್ತಾರೆ. ಸಂಘದವರು ಕರಾರು ಮುಗಿಯಿತೆಂದು ತಿಳಿಯುತ್ತಾರೆ, ಆದರೆ ಕರಾರು ಪತ್ರದ ಪ್ರಕಾರ ಇನ್ನೂ ಏನೂ ಆಗಿರುವುದಿಲ್ಲ.

ಕರಾರು ಪತ್ರದ ಕೊನೆಯ ಪುಟಗಳಲ್ಲಿ, ಯಾರೂ ಓದದ ಜಾಗದಲ್ಲಿ, ‘ನೋಟಿಸ್’ ಎಂಬ ಕಲಮು ಇರುತ್ತದೆ. ನೋಟಿಸ್ ಯಾವ ವಿಳಾಸಕ್ಕೆ ಹೋಗಬೇಕು, ಯಾವ ಮಾರ್ಗದಲ್ಲಿ ಹೋಗಬೇಕು, ಯಾವಾಗ ತಲುಪಿದಂತೆ ಎಂಬುದೆಲ್ಲ ಅಲ್ಲಿರುತ್ತದೆ. ಎಷ್ಟು ದಿನ ಮೊದಲು ಕೊಡಬೇಕು ಎಂಬುದು ಮಾತ್ರ ಬೇರೆ ಕಡೆ, ಅವಧಿ ಮತ್ತು ರದ್ದತಿಯ ಕಲಮುಗಳಲ್ಲಿ ಇರುತ್ತದೆ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕರಾರು 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗೆ. ಅವಧಿ ಮುಗಿಯುವುದಕ್ಕೆ ಕನಿಷ್ಠ 60 ದಿನ ಮೊದಲು ಲಿಖಿತ ನೋಟಿಸ್ ತಲುಪದಿದ್ದರೆ ಕರಾರು ಇನ್ನೊಂದು ವರ್ಷಕ್ಕೆ ತಾನಾಗಿ ಮುಂದುವರಿಯುತ್ತದೆ ಎಂದು ಬರೆದಿದೆ. ನೋಟಿಸ್ ತಲುಪಿದ ದಿನವನ್ನು ಬಿಟ್ಟು ಎಣಿಸಿ. ಜನವರಿ 30ಕ್ಕೆ ತಲುಪಿದರೆ ಜನವರಿ 31 ಒಂದು ದಿನ, ಫೆಬ್ರವರಿಯ 28, ಮಾರ್ಚಿನ 31, ಒಟ್ಟು ಸರಿಯಾಗಿ 60. ಈಗ ಸಂಘದವರು ಜನವರಿ 28ಕ್ಕೆ ಅಂಚೆಗೆ ಹಾಕಿ, ಅದು 31ಕ್ಕೆ ತಲುಪಿತೆನ್ನಿ. ಒಂದೇ ದಿನ ತಡ. ಏಜೆನ್ಸಿ ಪಟ್ಟು ಹಿಡಿದರೆ, ಬೇಡವೆಂದು ತೀರ್ಮಾನಿಸಿದವರ ಜೊತೆಗೇ ಇನ್ನೊಂದು ವರ್ಷದ ವ್ಯವಹಾರ. ಮಧ್ಯದಲ್ಲಿ ಬಿಡಿಸಲು ಬೇರೆ ಕಲಮು ಇದ್ದರೆ ಮಾತ್ರ ಹೊರಬರುವ ದಾರಿ, ಅದಕ್ಕೂ ಅದರದ್ದೇ ನೋಟಿಸ್ ಅವಧಿ ಮತ್ತು ಆ ಅವಧಿಯ ಬಿಲ್ಲು.

ಇನ್ನೊಂದು ತಪ್ಪು ಕಾರಣ ಬರೆಯುವುದರಲ್ಲಿ ಆಗುತ್ತದೆ. ಸಾಮಾನ್ಯವಾಗಿ ಕರಾರಿನಲ್ಲಿ ಬಿಡಿಸಲು ಎರಡು ದಾರಿ ಇರುತ್ತವೆ. ಕಾರಣ ಹೇಳದೆ, ನಿಗದಿತ ದಿನಗಳ ನೋಟಿಸ್ ಕೊಟ್ಟು ಮುಗಿಸುವುದು ಒಂದು. ಲೋಪ ತೋರಿಸಿ ಮುಗಿಸುವುದು ಇನ್ನೊಂದು. ಎರಡನೆಯದರಲ್ಲಿ ಸರಿಪಡಿಸಿಕೊಳ್ಳಲು ಏಜೆನ್ಸಿಗೆ 15 ದಿನವೋ 30 ದಿನವೋ ಅವಕಾಶ ಕೊಡಬೇಕೆಂಬ ಷರತ್ತು ಇರುವುದುಂಟು. ಸಿಟ್ಟಿನಲ್ಲಿ ಲೋಪಗಳ ಪಟ್ಟಿ ಬರೆದು ಆ ಅವಕಾಶ ಕೊಡದೆ ಮುಗಿಸಿದರೆ, ರದ್ದತಿಯೇ ತಪ್ಪೆಂದು ವಾದಿಸಲು ಅವರಿಗೆ ಜಾಗ ಸಿಕ್ಕಂತೆ. ಕಾರಣ ಬೇಡದ ದಾರಿ ತೆರೆದಿದ್ದರೆ ಅದನ್ನೇ ಹಿಡಿಯುವುದು ಒಳ್ಳೆಯದು. ಪತ್ರದಲ್ಲಿ ಇಷ್ಟಿದ್ದರೆ ಸಾಕು: ‘ದಿನಾಂಕ ಇಂತಹ ಕರಾರಿನ ಇಂತಹ ಕಲಮಿನ ಪ್ರಕಾರ ಈ ನೋಟಿಸ್ ಕೊಡುತ್ತಿದ್ದೇವೆ. ಕರಾರು 2026ರ ಮಾರ್ಚ್ 31ಕ್ಕೆ ಮುಗಿಯುತ್ತದೆ, ನವೀಕರಿಸುವುದಿಲ್ಲ. ಅಲ್ಲಿಯವರೆಗೆ ಸೇವೆ ಎಂದಿನಂತೆ ನಡೆಯಬೇಕು.’ ಬೈಲಾ ಪ್ರಕಾರ ಅಧಿಕಾರ ಇರುವ ಪದಾಧಿಕಾರಿ ಸಹಿ ಮಾಡಬೇಕು, ಠರಾವಿನ ಪ್ರತಿ ಸಂಘದ ಕಡತದಲ್ಲಿರಬೇಕು.

ವಿಳಾಸ ಕರಾರಿನಲ್ಲಿ ಬರೆದದ್ದೇ ಆಗಬೇಕು. ನೀವು ದಿನವೂ ಮಾತಾಡುವ ಶಾಖಾ ಕಚೇರಿ ಹತ್ತಿರದಲ್ಲಿರಬಹುದು, ಆದರೆ ಕಲಮಿನಲ್ಲಿ ನೋಂದಾಯಿತ ಕಚೇರಿ ಎಂದಿದ್ದರೆ ಅಲ್ಲಿಗೇ ಹೋಗಬೇಕು. ಕಲಮು ಒಪ್ಪಿದರೆ ಇಮೇಲ್ ಸಾಕು, ಒಪ್ಪದಿದ್ದರೆ ಅದು ಹೆಚ್ಚುವರಿ ಪ್ರತಿ ಮಾತ್ರ. ಹಳೆಯ ಕರಾರುಗಳಲ್ಲಿ ‘ರಿಜಿಸ್ಟರ್ಡ್ ಪೋಸ್ಟ್’ ಎಂದಿರುತ್ತದೆ. 2025ರಲ್ಲಿ ಅಂಚೆ ಇಲಾಖೆ ಅದನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಳಿಸಿದೆ. ಹಾಗಾಗಿ ತಲುಪಿದ್ದಕ್ಕೆ ಪುರಾವೆ ಸಿಗುವ ಸೌಲಭ್ಯವನ್ನು ಕೌಂಟರಿನಲ್ಲಿ ಕೇಳಿ ಪಡೆಯಿರಿ. ರಸೀದಿ, ಟ್ರ್ಯಾಕಿಂಗ್ ಪುಟದ ಪ್ರತಿ ಎರಡನ್ನೂ ಇಟ್ಟುಕೊಳ್ಳಿ. ಸರಿಯಾದ ವಿಳಾಸಕ್ಕೆ ಹೋದ ಪತ್ರವನ್ನು ಅವರು ತೆಗೆದುಕೊಳ್ಳಲು ನಿರಾಕರಿಸಿದರೆ ಗಾಬರಿ ಬೇಡ. ಅಂಚೆಯವರು ‘ನಿರಾಕರಿಸಲಾಗಿದೆ’ ಎಂದು ಬರೆದು ಹಿಂತಿರುಗಿಸಿದ ಲಕೋಟೆಯನ್ನು ಒಡೆಯದೆ ಇಡಿ. ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಅದನ್ನು ತಲುಪಿದ ನೋಟಿಸ್ ಎಂದೇ ನೋಡುತ್ತವೆ. ಸಾಧ್ಯವಿದ್ದರೆ ಒಂದು ಪ್ರತಿಯನ್ನು ಕೈಯಲ್ಲೂ ಕೊಟ್ಟು ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ.

ನೋಟಿಸ್ ಅವಧಿಯಲ್ಲಿ ಬಿಲ್ಲು ನಿಲ್ಲಿಸುವ ಆಸೆ ಬರುತ್ತದೆ, ಹಾಗೆ ಮಾಡಬಾರದು. ನಿಲ್ಲಿಸಿದರೆ ಕರಾರು ಮುರಿದವರು ನೀವಾಗುತ್ತೀರಿ, ಮೊದಲು ಸಂಬಳ ತಪ್ಪುವುದು ಕಸ ಗುಡಿಸುವ ಹೆಂಗಸರಿಗೆ. ಬಂದಷ್ಟೇ ಜನರಿಗೆ ಹಾಜರಿ ಪುಸ್ತಕ ನೋಡಿ ಬಿಲ್ಲು ಕೊಡಿ. ಕೊನೆಯ ಬಿಲ್ಲಿಗೆ ಮುಂಚೆ ಆ ಕೆಲಸಗಾರರ ಪಿಎಫ್, ಇಎಸ್‌ಐ ಚಲನ್‌ಗಳನ್ನು ಕೇಳಿ. ಏಜೆನ್ಸಿ ಕಟ್ಟದೆ ಹೋಗಿದ್ದರೆ ಆ ಹೊಣೆ ಮುಖ್ಯ ಉದ್ಯೋಗದಾತನಾದ ಸಂಘದ ಮೇಲೂ ಬೀಳಬಹುದು.

ನಿಮ್ಮ ಕರಾರು ಮಾರ್ಚ್ 31ಕ್ಕೆ ಮುಗಿಯುವುದಾದರೆ ಡಿಸೆಂಬರ್ ಸಭೆಯಲ್ಲೇ ಆ ಪತ್ರವನ್ನು ಹೊರತೆಗೆದು ಓದಿ. ಬಿಡಿಸುವ ತೀರ್ಮಾನವಾದರೆ ಜನವರಿ ಮೊದಲ ವಾರದಲ್ಲೇ ನೋಟಿಸ್ ಕಳಿಸಿಬಿಡಿ.