ತಾಳದ ತಂತಿ ಹಿಡಿದು ನಿಲ್ಲಿಸುವ ಚಿಪ್

ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿದ ಐ-ಸ್ಕ್ವೇರ್ಡ್-ಸಿ ವ್ಯವಸ್ಥೆಯಲ್ಲಿ ಚಿಪ್‌ಗಳು ಎರಡೇ ತಂತಿಗಳಲ್ಲಿ ಮಾತಾಡುತ್ತವೆ. ಒಂದರಲ್ಲಿ ಮಾಹಿತಿ, ಇನ್ನೊಂದರಲ್ಲಿ ತಾಳ. ಎರಡನ್ನೂ ರೆಸಿಸ್ಟರ್‌ಗಳು ಮೇಲಕ್ಕೆ ಎಳೆದಿಟ್ಟಿರುತ್ತವೆ. ಚಿಪ್‌ಗಳು ತಂತಿಯನ್ನು ಕೆಳಕ್ಕೆ ಎಳೆಯಬಲ್ಲವು ಅಥವಾ ಬಿಡಬಲ್ಲವು, ಅಷ್ಟೇ. ಹಾಗಾಗಿ ಯಾರಾದರೊಬ್ಬರು ಹಿಡಿದಿದ್ದರೂ ತಂತಿ ಕೆಳಗೇ ಉಳಿಯುತ್ತದೆ.

ನಿಧಾನಗತಿಯ ಸೆನ್ಸರ್‌ಗೆ ಇದೇ ಅನುಕೂಲ. ಉತ್ತರ ಸಿದ್ಧವಾಗಿಲ್ಲದಿದ್ದರೆ ಅದು ತಾಳದ ತಂತಿಯನ್ನು ಕೆಳಗೇ ಹಿಡಿದುಕೊಳ್ಳುತ್ತದೆ. ತಾಳ ಹಾಕುವ ಯಜಮಾನ ಚಿಪ್ ತಂತಿಯನ್ನು ಬಿಟ್ಟ ಮೇಲೆ, ಅದು ನಿಜವಾಗಿ ಮೇಲೇರಿತೇ ಎಂದು ನೋಡಿ ಕಾಯಬೇಕು.

ಮೊದಲ ರಾಸ್ಪ್‌ಬೆರಿ ಪೈಯ ಬಿಸಿಎಂ2835 ಚಿಪ್ ಎಡವುವುದು ಇಲ್ಲೇ. ಸೆನ್ಸರ್ ಕೆಟ್ಟ ಗಳಿಗೆಯಲ್ಲಿ ತಂತಿ ಬಿಟ್ಟರೆ, ಅದು ಪೂರ್ಣ ತಾಳದ ಬದಲು ಸೂಜಿಮೊನೆಯಷ್ಟು ಚಿಕ್ಕ ಮಿಡಿತ ಕೊಡುತ್ತದೆ. ಸೆನ್ಸರ್ ಅದನ್ನು ಗಮನಿಸದೇ ಹೋದರೆ ಇಬ್ಬರ ಲೆಕ್ಕ ಒಂದು ಬಿಟ್‌ನಷ್ಟು ತಪ್ಪುತ್ತದೆ. ಬಿಎನ್‌ಒ055 ಎಂಬ ದಿಕ್ಕು ತಿಳಿಸುವ ಸೆನ್ಸರ್ ಜೋಡಿಸಿದವರಿಗೆ ಈ ಕಾಟ ಚೆನ್ನಾಗಿ ಗೊತ್ತು: ಓದಿಕೆ ಸರಿಯಾಗಿರುವಾಗಲೇ ನಡುವೆ ಅಸಂಬದ್ಧ ಸಂಖ್ಯೆ. ಆಸಿಲೊಸ್ಕೋಪ್‌ನಲ್ಲಿ ಆ ಸಣಕಲು ಮಿಡಿತ ಕಣ್ಣಿಗೇ ಬೀಳುತ್ತದೆ.

ಉಪಾಯ `config.txt` ಕಡತದಲ್ಲಿ ಒಂದು ಸಾಲು:

```
dtparam=i2c_arm_baudrate=10000
```

ಸಾಮಾನ್ಯ ವೇಗ ಸೆಕೆಂಡಿಗೆ 1,00,000 ತಾಳ. ಆಗ ತಂತಿ ಕೆಳಗಿರುವುದು ಸುಮಾರು 5 ಮೈಕ್ರೊಸೆಕೆಂಡ್. 10,000ಕ್ಕೆ ಇಳಿಸಿದರೆ ಅದು 50 ಆಗುತ್ತದೆ. ಸೆನ್ಸರ್ ಅಷ್ಟರೊಳಗೆ ಕೆಲಸ ಮುಗಿಸಿ ತಂತಿ ಬಿಟ್ಟಿದ್ದರೆ, ಅದು ಹಿಡಿದಿತ್ತೆಂಬುದೇ ಯಜಮಾನನಿಗೆ ತಿಳಿಯುವುದಿಲ್ಲ. ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಸೆನ್ಸರ್ ಆದರೆ ತೊಂದರೆ ಮರಳಬಹುದು. ಆಗ ತಾಳವನ್ನು ಸಾಫ್ಟ್‌ವೇರ್‌ನಿಂದಲೇ ಹಾಕಿಸುವ `i2c-gpio` ಹೆಚ್ಚು ಭರವಸೆಯ ದಾರಿ.