ಈರುಳ್ಳಿಯ ಬೇರು, ಈರುಳ್ಳಿಯ ಹೂವು: ಎರಡು ಕೋಶವಿಭಜನೆಗಳ ಕುರಿತಾದ ತಪ್ಪು ಕಲ್ಪನೆ ಮತ್ತು ಸತ್ಯ

ಮೈಟಾಸಿಸ್ ಮತ್ತು ಮಿಯಾಸಿಸ್ ಎಂಬ ಎರಡು ಕೋಶವಿಭಜನೆಗಳ ವ್ಯತ್ಯಾಸವನ್ನು ಬರೆಯೆಂದರೆ ನಮ್ಮ ವಿದ್ಯಾರ್ಥಿಯು ಹಾಳೆಯ ನಡುವೆ ಒಂದು ಗೆರೆಯನ್ನೆಳೆದು, ಎಡಗಡೆಯಲ್ಲಿ ದೇಹಕೋಶ, ಒಂದು ವಿಭಜನೆ, ಎರಡು ಮರಿಕೋಶ ಎಂದೂ, ಬಲಗಡೆಯಲ್ಲಿ ಲಿಂಗಾಂಗ, ಎರಡು ವಿಭಜನೆ, ನಾಲ್ಕು ಲಿಂಗಾಣು ಎಂದೂ ಬರೆದು ಮುಗಿಸುತ್ತಾನೆ. ಈ ಪಟ್ಟಿಗೆ ಅಂಕಗಳು ದೊರೆಯುವುದುಂಟು. ಆದರೆ ಎಲ್ಲಿ ನಡೆಯುತ್ತದೆ, ಎಷ್ಟು ಸಲ ನಡೆಯುತ್ತದೆ ಎಂಬುದನ್ನು ಹೇಳುವ ಈ ಸಾಲುಗಳು, ಏತಕ್ಕಾಗಿ ನಡೆಯುತ್ತದೆ, ಕೊನೆಗೆ ಏನು ಉಳಿಯುತ್ತದೆ ಎಂಬುದನ್ನು ಹೇಳುವುದೇ ಇಲ್ಲವಾದುದರಿಂದ, ಅವುಗಳಲ್ಲಿ ಕೆಲವು ಅರ್ಧಸತ್ಯಗಳಾಗಿಯೂ ಕೆಲವು ಅಸತ್ಯಗಳಾಗಿಯೂ ಪರಿಣಮಿಸಿವೆ. ಯಾವ ಈರುಳ್ಳಿಯ ಬೇರನ್ನು ಪ್ರತಿಯೊಂದು ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆಯೋ ಅದೇ ಈರುಳ್ಳಿಯ ಹೂವನ್ನೂ ಒಮ್ಮೆ ನೋಡಿದರೆ ಈ ಅಸತ್ಯಗಳು ತಾವಾಗಿಯೇ ಬಯಲಾಗುತ್ತವೆ.

ಈರುಳ್ಳಿಯನ್ನು ಆರಿಸಿಕೊಂಡಿರುವುದಕ್ಕೆ ಕಾರಣ ಅದರ ವರ್ಣತಂತುಗಳು ಸಂಖ್ಯೆಯಲ್ಲಿ ಅಲ್ಪವಾಗಿಯೂ ಗಾತ್ರದಲ್ಲಿ ದೊಡ್ಡವಾಗಿಯೂ ಇರುವುದೇ ಆಗಿದೆ. ಪ್ರತಿಯೊಂದು ದೇಹಕೋಶದಲ್ಲಿ 16 ವರ್ಣತಂತುಗಳು, ಎಂದರೆ 8 ಜೋಡಿಗಳು. ಪ್ರತಿ ಜೋಡಿಯಲ್ಲಿಯೂ ಒಂದು ತಾಯಿಯ ಕಡೆಯಿಂದ ಬಂದುದು, ಮತ್ತೊಂದು ತಂದೆಯ ಕಡೆಯಿಂದ ಬಂದುದು.

ನೀರು ತುಂಬಿದ ಲೋಟದ ಬಾಯಿಯ ಮೇಲೆ ಗೆಡ್ಡೆಯನ್ನಿಟ್ಟರೆ ಕೆಲವೇ ದಿನಗಳಲ್ಲಿ ಬಿಳಿಯ ಬೇರುಗಳು ಇಳಿಯುತ್ತವೆ. ಅವುಗಳ ತುದಿಯನ್ನು ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲ ಮತ್ತು ಮೂರು ಪಾಲು ಆಲ್ಕೊಹಾಲ್ ಬೆರೆಸಿದ ದ್ರವದಲ್ಲಿ ಒಂದು ದಿನ ಇರಿಸಿ, ಬಳಿಕ ಬಿಸಿಮಾಡಿದ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಮೆತ್ತಗೆ ಮಾಡಿ, ಅಸಿಟೊಕಾರ್ಮಿನ್ ಬಣ್ಣವನ್ನೇರಿಸಿ, ಗಾಜಿನ ಫಲಕದ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ಕೋಶಗಳು ಒಂದೇ ಪದರವಾಗಿ ಹರಡಿಕೊಳ್ಳುತ್ತವೆ. ಅವುಗಳಲ್ಲಿ ಬಹುಪಾಲು ವಿಭಜನೆಯಲ್ಲಿಯೇ ಇರುವುದಿಲ್ಲ. ಗುಂಡಾದ ಕೋಶಕೇಂದ್ರವಷ್ಟೇ ಕೆಂಪಾಗಿ ಕಾಣುತ್ತದೆ. ಹುಡುಕಿದರೆ ಮಾತ್ರ ವರ್ಣತಂತುಗಳು ಕೋಶದ ನಡುವೆ ಸಾಲುಗೊಂಡಿರುವ ಕೋಶವೊಂದು ಸಿಕ್ಕುತ್ತದೆ. ಅಲ್ಲಿ 16 ವರ್ಣತಂತುಗಳೂ ಒಂದನ್ನೊಂದು ಲಕ್ಷಿಸದೆ ಬಿಡಿಬಿಡಿಯಾಗಿ ನಿಂತಿರುತ್ತವೆ. ಜೋಡಿಯ ಸಂಗಾತಿ ಎಲ್ಲಿದೆಯೆಂಬುದು ಇಲ್ಲಿ ಯಾವ ವರ್ಣತಂತುವಿಗೂ ಬೇಕಾಗಿಲ್ಲ. ವಿಭಜನೆಗೆ ಮೊದಲೇ ಪ್ರತಿಯೊಂದು ವರ್ಣತಂತುವಿನ ಪ್ರತಿ ತಯಾರಾಗಿದ್ದು, ಆ ಎರಡು ಕ್ರೊಮಾಟಿಡ್‌ಗಳು ಒಂದೇ ಸೆಂಟ್ರೊಮಿಯರಿನಲ್ಲಿ ಸೇರಿಕೊಂಡಿರುತ್ತವೆ. ಈಗ ಸೆಂಟ್ರೊಮಿಯರ್ ಸೀಳಿ, ಒಂದು ಪ್ರತಿ ಈ ಧ್ರುವಕ್ಕೂ ಇನ್ನೊಂದು ಆ ಧ್ರುವಕ್ಕೂ ಸರಿಯುತ್ತದೆ. ಎರಡು ಮರಿಕೋಶಗಳಿಗೂ 16, ಮತ್ತು ಅದೇ 16. ಬೇರು ಬೆಳೆಯಬೇಕಾದರೆ ಬೇಕಾದದ್ದು ಇಷ್ಟೇ: ಇದ್ದ ಗಂಟನ್ನು ಯಥಾವತ್ತಾಗಿ ಎರಡೂ ಕಡೆಗೆ ದಾಟಿಸುವುದು.

ಇನ್ನು ಹೂವಿನ ಕಡೆಗೆ ಹೊರಳೋಣ. ಮೈಟಾಸಿಸ್ ದೇಹದಲ್ಲಿ ನಡೆಯುತ್ತದೆ, ಮಿಯಾಸಿಸ್ ಲಿಂಗಾಂಗದಲ್ಲಿ ನಡೆಯುತ್ತದೆ ಎಂಬ ನಂಬಿಕೆಯು ಬಹಳ ಆಳವಾಗಿ ಬೇರೂರಿದೆ. ದಂಟಿನ ತುದಿಯ ಗೊಂಚಲಿನಲ್ಲಿ ನಾನಾ ಪ್ರಾಯದ ಮೊಗ್ಗುಗಳು ಒಟ್ಟಿಗೆ ಇರುತ್ತವೆಯಷ್ಟೆ. ಅತ್ಯಂತ ಎಳೆಯ ಮೊಗ್ಗಿನ ಪರಾಗಕೋಶವನ್ನು ಒತ್ತಿ ನೋಡಿದರೆ ಅದರೊಳಗೆ ನಡೆಯುತ್ತಿರುವುದು ಬೇರಿನಲ್ಲಿ ಕಂಡ ಅದೇ ಮೈಟಾಸಿಸ್. ಪರಾಗದ ಮಾತೃಕೋಶಗಳು ಸಂಖ್ಯೆಯಲ್ಲಿ ಹೆಚ್ಚುವುದೇ ಅದರಿಂದ. ಮನುಷ್ಯನ ವೃಷಣದಲ್ಲಿಯೂ ಹೀಗೆಯೇ: ವೀರ್ಯಾಣುಗಳಿಗೆ ಮೂಲವಾದ ಕೋಶಗಳು ಮೈಟಾಸಿಸ್‌ನಿಂದ ತಮ್ಮ ಸಂತತಿಯನ್ನು ಉಳಿಸಿಕೊಳ್ಳದೆ ಹೋದರೆ ಆ ಭಂಡಾರವು ಬೇಗನೆ ಬರಿದಾಗುತ್ತಿತ್ತು. ಆದುದರಿಂದ ಅಂಗವನ್ನು ನೋಡಿ ವಿಭಜನೆಯ ಹೆಸರನ್ನು ಹೇಳಲಾಗದು.

ಸ್ವಲ್ಪ ಬಲಿತ ಮೊಗ್ಗಿನಲ್ಲಿ, ಕಾಲವು ಸರಿಯಾಗಿ ಕೂಡಿಬಂದರೆ, ಬೇರಿನಲ್ಲಿ ಎಂದೂ ಕಾಣದ ದೃಶ್ಯವೊಂದು ಕಾಣುತ್ತದೆ. ಕೋಶದ ನಡುವೆ ಇರುವುದು 16 ಕಾಯಗಳಲ್ಲ, 8. ಕೆಲವು ಉಂಗುರದಂತೆ, ಕೆಲವು ಅಡ್ಡ ಹೆಣೆದ ಕಡ್ಡಿಗಳಂತೆ ಕಾಣುವ ಈ 8 ಕಾಯಗಳಲ್ಲಿ ಒಂದೊಂದೂ ಒಂದೊಂದು ಜೋಡಿ. ಬೇರಿನಲ್ಲಿ ಪರಸ್ಪರ ಅಪರಿಚಿತವಾಗಿದ್ದ ತಾಯಿಯ ವರ್ಣತಂತುವೂ ತಂದೆಯ ವರ್ಣತಂತುವೂ ಇಲ್ಲಿ ಒಂದನ್ನೊಂದು ಹುಡುಕಿ, ಉದ್ದಕ್ಕೂ ಹೊಂದಿಕೊಂಡು, ಅಲ್ಲಲ್ಲಿ ತುಣುಕುಗಳನ್ನು ಬದಲಾಯಿಸಿಕೊಂಡು, ಆ ವಿನಿಮಯದ ಗಂಟುಗಳಿಂದಲೇ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಈ ವಿಭಜನೆಗಳನ್ನು ಗುರುತಿಸಲು ಇದಕ್ಕಿಂತ ನೆಚ್ಚಬಹುದಾದ ಲಕ್ಷಣವನ್ನು ನಾನು ಕಾಣೆ: ಬಿಡಿಬಿಡಿಯಾದ 16 ಇದ್ದರೆ ಮೈಟಾಸಿಸ್, ಜೋಡಿಗೊಂಡ 8 ಇದ್ದರೆ ಮಿಯಾಸಿಸ್‌ನ ಮೊದಲ ಹಂತ.

ಈ ಜೋಡಿಗೂಡುವಿಕೆ ಏತಕ್ಕಾಗಿ? ಪರಾಗದ ಕೋಶವೂ ಅಂಡಾಣುವೂ 16ನ್ನೇ ಹೊತ್ತು ತಂದರೆ ಮುಂದಿನ ಪೀಳಿಗೆಯ ಈರುಳ್ಳಿಗೆ 32, ಅದರ ಮುಂದಿನದಕ್ಕೆ 64 ಆಗಬೇಕಾಗುತ್ತದೆ. ಹಾಗಾಗದಿರಬೇಕಾದರೆ ಎಲ್ಲಿಯೋ ಒಂದೆಡೆ ಸಂಖ್ಯೆಯು ಅರ್ಧಕ್ಕಿಳಿಯಲೇಬೇಕೆಂದು ಜರ್ಮನಿಯ ವೈಸ್‌ಮನ್ 1887ರಲ್ಲಿ ತರ್ಕದಿಂದಲೇ ಪ್ರತಿಪಾದಿಸಿದನು. ಆದರೆ ಯಾವುದಾದರೂ 8 ಸಾಲವು. ಪ್ರತಿ ಜೋಡಿಯಿಂದಲೂ ತಪ್ಪದೆ ಒಂದೊಂದು ಬರಬೇಕು. ಮೊದಲು ಜೋಡಿಗಳು ಕೂಡಿ, ಬಳಿಕ ಬೇರ್ಪಟ್ಟರೆ ಮಾತ್ರ ಆ ಹಂಚಿಕೆಯು ತಪ್ಪಿಲ್ಲದೆ ನಡೆದೀತು. ಯಾವ ಜೋಡಿಯಲ್ಲಿ ಯಾವ ವರ್ಣತಂತು ಯಾವ ಧ್ರುವದ ಕಡೆಗೆ ಮುಖಮಾಡುವುದೆಂಬುದು ಆಯಾ ಜೋಡಿಯ ಪಾಲಿಗೆ ಸ್ವತಂತ್ರವಾಗಿರುವುದರಿಂದ, ತುಣುಕುಗಳ ವಿನಿಮಯವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 8 ಜೋಡಿಗಳಿಂದ 256 ಬಗೆಯ ಸಂಯೋಜನೆಗಳು ಸಾಧ್ಯವಾಗುತ್ತವೆ.

ಅತ್ಯಂತ ಹೆಚ್ಚು ವಿದ್ಯಾರ್ಥಿಗಳು ಎಡವುವ ಸ್ಥಳವು ಇದರ ನಂತರ ಬರುತ್ತದೆ. ಮೊದಲನೆಯ ವಿಭಜನೆಯಲ್ಲಿ ಎರಡು ಕೋಶಗಳಾಗುತ್ತವೆ, ಎರಡನೆಯದರಲ್ಲಿ ಸಂಖ್ಯೆ ಅರ್ಧವಾಗುತ್ತದೆ ಎಂದು ಅವರು ತಿಳಿದಿರುತ್ತಾರೆ. ಸತ್ಯವು ಇದಕ್ಕೆ ವಿರುದ್ಧವಾದುದು. ವರ್ಣತಂತುಗಳನ್ನು ಎಣಿಸಬೇಕಾದದ್ದು ಕ್ರೊಮಾಟಿಡ್‌ಗಳಿಂದಲ್ಲ, ಸೆಂಟ್ರೊಮಿಯರ್‌ಗಳಿಂದ. ಮೊದಲ ವಿಭಜನೆಯಲ್ಲಿ ಸೆಂಟ್ರೊಮಿಯರ್ ಸೀಳುವುದಿಲ್ಲ. ಎರಡು ಕ್ರೊಮಾಟಿಡ್‌ಗಳುಳ್ಳ ಇಡಿಯ ವರ್ಣತಂತುವೇ ತನ್ನ ಸಂಗಾತಿಯಿಂದ ಅಗಲಿ ಒಂದು ಧ್ರುವಕ್ಕೆ ಹೋಗುತ್ತದೆ. ಈರುಳ್ಳಿಯಲ್ಲಿ ಈ ವಿಭಜನೆಯಾದ ಕೂಡಲೇ ನಡುವೆ ಗೋಡೆಯೊಂದು ಏಳುವುದರಿಂದ ಎರಡು ಕೋಶಗಳು ಸ್ಪಷ್ಟವಾಗಿ ಕಾಣುತ್ತವೆ, ಮತ್ತು ಒಂದೊಂದರಲ್ಲಿಯೂ 8 ಸೆಂಟ್ರೊಮಿಯರ್‌ಗಳು, 16 ಕ್ರೊಮಾಟಿಡ್‌ಗಳು ಇರುತ್ತವೆ. ಸಂಖ್ಯೆಯು ಇಲ್ಲಿಯೇ ಅರ್ಧವಾಯಿತು. ಎರಡನೆಯ ವಿಭಜನೆಯು ಆ 8ರ ಕ್ರೊಮಾಟಿಡ್‌ಗಳನ್ನು ಬೇರ್ಪಡಿಸಿ 8ನ್ನು 8 ಆಗಿಯೇ ಉಳಿಸುತ್ತದೆ. ಡಿಎನ್‌ಎಯ ಲೆಕ್ಕವು ಮಾತ್ರ ಬೇರೆ: ಆರಂಭದ ಕೋಶದಲ್ಲಿ 2 ಪಾಲು ಇದ್ದರೆ, ಪ್ರತಿ ತಯಾರಾದ ಬಳಿಕ 4, ಮೊದಲ ವಿಭಜನೆಯ ಬಳಿಕ 2, ಎರಡನೆಯದರ ಬಳಿಕ 1. ಪ್ರತಿ ತಯಾರಾಗುವುದು ಒಂದೇ ಸಲ. ಎರಡು ವಿಭಜನೆಗಳ ನಡುವೆ ಅದು ಮತ್ತೆ ನಡೆಯುವುದಿಲ್ಲ.

ಹಾಗಾದರೆ ಎರಡನೆಯ ವಿಭಜನೆಯು ಮೈಟಾಸಿಸ್ ಅಲ್ಲವೇ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಚಲನೆಯನ್ನು ನೋಡಿದರೆ ಹಾಗೆ ತೋರುವುದು ನಿಜ. ಫಲವನ್ನು ನೋಡಿದರೆ ಅಲ್ಲ. ಬೇರಿನ ಕೋಶದಲ್ಲಿ ಅಗಲುವ ಎರಡು ಕ್ರೊಮಾಟಿಡ್‌ಗಳು ಒಂದರ ಪ್ರತಿ ಇನ್ನೊಂದು. ಇಲ್ಲಿ ವಿನಿಮಯವಾಗಿ ಹೋಗಿರುವುದರಿಂದ ಒಂದೇ ಸೆಂಟ್ರೊಮಿಯರಿಗೆ ಅಂಟಿದ ಎರಡು ಕ್ರೊಮಾಟಿಡ್‌ಗಳು ಉದ್ದಕ್ಕೂ ಒಂದೇ ಆಗಿರುವುದಿಲ್ಲ, ಮತ್ತು ಅವುಗಳಿಂದಾಗುವ ಕೋಶಗಳೂ ಸಮಾನವಾಗಿರುವುದಿಲ್ಲ.

ಮಿಯಾಸಿಸ್‌ನಿಂದ ಲಿಂಗಾಣುಗಳು ಹುಟ್ಟುತ್ತವೆ ಎಂಬ ಮಾತು ಪ್ರಾಣಿಗಳಿಗೆ ಸಲ್ಲುತ್ತದೆ. ನಮ್ಮ ಈರುಳ್ಳಿಗೆ ಸಲ್ಲದು. ಮಿಯಾಸಿಸ್‌ನಿಂದ ದೊರೆತ ನಾಲ್ಕು ಕೋಶಗಳು ಲಿಂಗಾಣುಗಳಲ್ಲ, ಪರಾಗರೇಣುಗಳಾಗತಕ್ಕ ಬೀಜಾಣುಗಳು. ಅವುಗಳಲ್ಲಿ ಒಂದೊಂದೂ ತನ್ನ 8 ವರ್ಣತಂತುಗಳನ್ನಿಟ್ಟುಕೊಂಡು ಮೈಟಾಸಿಸ್‌ನಿಂದ ವಿಭಜಿಸಿ, ಒಂದು ದೊಡ್ಡ ಕೋಶವನ್ನೂ ಅದರೊಳಗೆ ಒಂದು ಚಿಕ್ಕ ಕೋಶವನ್ನೂ ಪಡೆಯುತ್ತದೆ. ರೇಣುವು ಹೂವಿನ ಶಲಾಕಾಗ್ರದ ಮೇಲೆ ಬಿದ್ದು ನಾಳವು ಕೆಳಗಿಳಿಯುವಾಗ ಆ ಚಿಕ್ಕ ಕೋಶವು ಮತ್ತೊಮ್ಮೆ ಮೈಟಾಸಿಸ್‌ನಿಂದಲೇ ಎರಡಾಗುತ್ತದೆ, ಮತ್ತು ಆ ಎರಡೇ ಗಂಡು ಲಿಂಗಾಣುಗಳು. ಎಂದರೆ ಈರುಳ್ಳಿಯ ಲಿಂಗಾಣುವಿನ ತಕ್ಷಣದ ಜನನವು ಮೈಟಾಸಿಸ್‌ನಿಂದ. ಮೈಟಾಸಿಸ್ ಜೋಡಿಯುಳ್ಳ ಕೋಶಗಳಲ್ಲಿ ಮಾತ್ರ ನಡೆಯುತ್ತದೆಂಬ ಇನ್ನೊಂದು ನಂಬಿಕೆಯೂ ಇದರೊಡನೆಯೇ ಬೀಳುತ್ತದೆ. 8 ಇರುವ ಕೋಶದಿಂದ 8 ಇರುವ ಕೋಶಗಳನ್ನು ಮಾಡುವುದೂ ಇದ್ದುದನ್ನು ಇದ್ದಂತೆ ದಾಟಿಸುವ ಕೆಲಸವೇ ಅಲ್ಲವೆ?

ನಾಲ್ಕು ಕೋಶಗಳು ಎಂಬ ಸಂಖ್ಯೆಯೂ ಎಲ್ಲೆಡೆ ನಿಲ್ಲುವುದಿಲ್ಲ. ಈರುಳ್ಳಿಯ ಅಂಡಕದೊಳಗೆ ಮೊದಲ ವಿಭಜನೆಯಿಂದಾದ ಎರಡು ಕೋಶಗಳಲ್ಲಿ ಒಂದು ನಶಿಸಿಹೋಗುತ್ತದೆ. ಉಳಿದ ಕೋಶವು ಎರಡನೆಯ ವಿಭಜನೆಯಿಂದ ಎರಡು ಕೋಶಕೇಂದ್ರಗಳನ್ನು ಪಡೆದರೂ ನಡುವೆ ಗೋಡೆ ಏಳದೆ, ಆ ಎರಡೂ ಸೇರಿ ಮತ್ತೆರಡು ಮೈಟಾಸಿಸ್‌ಗಳಿಂದ 8 ಕೋಶಕೇಂದ್ರಗಳ ಭ್ರೂಣಚೀಲವಾಗುತ್ತವೆ. ಸಸ್ಯಭ್ರೂಣಶಾಸ್ತ್ರಜ್ಞರು ಈ ಮಾದರಿಗೆ ಈರುಳ್ಳಿಯ ಕುಲದ ಹೆಸರನ್ನೇ ಕೊಟ್ಟು ಆಲಿಯಂ ಮಾದರಿಯೆಂದು ಕರೆಯುತ್ತಾರೆ. ಮನುಷ್ಯರಲ್ಲಿಯೂ ಒಂದು ಮಾತೃಕೋಶದಿಂದ ದೊರೆಯುವುದು ಒಂದೇ ಅಂಡಾಣು. ಉಳಿದ ಪಾಲು ಧ್ರುವಕಾಯಗಳೆಂಬ ಪುಟ್ಟ ಕೋಶಗಳಾಗಿ ಕಳೆದುಹೋಗುತ್ತದೆ.

ಉದ್ದೇಶವು ಎಲ್ಲಿ ಕೆಟ್ಟಿತೆಂಬುದನ್ನು ಫಲದಿಂದಲೇ ಹಿಂದಕ್ಕೆ ಓದಬಹುದೆಂಬುದಕ್ಕೆ ಡೌನ್ ಸಿಂಡ್ರೋಮ್ ನಿದರ್ಶನವಾಗಿದೆ. ಇಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರು ಇದ್ದು, ಒಟ್ಟು 46ರ ಸ್ಥಾನದಲ್ಲಿ 47 ಆಗಿರುತ್ತದೆ. ರಕ್ತದ ಬಿಳಿಕೋಶಗಳನ್ನು ಬೆಳೆಸಿ, ವರ್ಣತಂತುಗಳು ನಡುವೆ ಸಾಲುಗೊಂಡ ಗಳಿಗೆಯಲ್ಲಿ ಕಾಲ್ಚಿಸೀನಿನಂಥ ಔಷಧದಿಂದ ವಿಭಜನೆಯನ್ನು ನಿಲ್ಲಿಸಿ ಎಣಿಸಿದಾಗ, ಎಲ್ಲ ಕೋಶಗಳಲ್ಲಿಯೂ 47 ಇದ್ದರೆ ತಪ್ಪು ಸಾಮಾನ್ಯವಾಗಿ ಮಿಯಾಸಿಸ್‌ನದು. ಏಕೆಂದರೆ ಲಿಂಗಾಣುವಿನಲ್ಲಿ ಬಂದ ಹೆಚ್ಚುವರಿ ವರ್ಣತಂತುವನ್ನು ಮುಂದಿನ ಪ್ರತಿಯೊಂದು ಮೈಟಾಸಿಸ್ ಶ್ರದ್ಧೆಯಿಂದ ದಾಟಿಸಿರುತ್ತದೆ. ಕೆಲವು ಕೋಶಗಳಲ್ಲಿ 46, ಕೆಲವುಗಳಲ್ಲಿ 47 ಇದ್ದರೆ, ಗರ್ಭಧಾರಣೆಯಾದ ಬಳಿಕ ಯಾವುದೋ ಒಂದು ಮೈಟಾಸಿಸ್ ತಪ್ಪಿರಬೇಕು. ಮಿಯಾಸಿಸ್‌ನಲ್ಲಿಯೇ ಎಂದಾದರೆ ಯಾವ ಹಂತದಲ್ಲಿ ಎಂಬುದೂ ತಿಳಿಯುತ್ತದೆ: ಒಂದೇ ಪಾಲಕರಿಂದ ಬಂದ ಎರಡು ವರ್ಣತಂತುಗಳ ಸೆಂಟ್ರೊಮಿಯರಿನ ಸಮೀಪದ ಡಿಎನ್‌ಎಯನ್ನು ಹೋಲಿಸಿದಾಗ ಅವು ಭಿನ್ನವಾಗಿದ್ದರೆ ಜೋಡಿಯು ಮೊದಲ ವಿಭಜನೆಯಲ್ಲಿ ಅಗಲಲಿಲ್ಲವೆಂದೂ, ಒಂದೇ ಆಗಿದ್ದರೆ ಎರಡನೆಯದರಲ್ಲಿ ಕ್ರೊಮಾಟಿಡ್‌ಗಳು ಅಗಲಲಿಲ್ಲವೆಂದೂ ಅರ್ಥ. ಹೀಗೆ ಹೋಲಿಸಿದಾಗ ಬಹುಪಾಲು ಪ್ರಕರಣಗಳಲ್ಲಿ ತಪ್ಪು ತಾಯಿಯ ಕಡೆಯ ಮೊದಲ ವಿಭಜನೆಯಲ್ಲಿ ಆದದ್ದೆಂದು ಕಂಡುಬಂದಿದೆ.